ಪುಣೆಯಲ್ಲಿ ಫ್ಲ್ಯಾಟ್ ಕೀಲಿಕೈ ತಡವಾದಾಗ: ಗ್ರಾಹಕ ಆಯೋಗದಲ್ಲಿ ಏನು ಕೇಳಬೇಕು, ಎಷ್ಟು ಕೇಳಬೇಕು

ಬಿಲ್ಡರ್ ವಿರುದ್ಧದ ದೂರುಗಳು ಸೊರಗುವುದು ಹೆಚ್ಚಾಗಿ ಕೊನೆಯ ಪುಟದಲ್ಲಿ, ಅಂದರೆ ಕೋರಿಕೆಯ ಪುಟದಲ್ಲಿ. ಕೀಲಿಕೈ ಎರಡು ವರ್ಷ ತಡವಾಗಿದೆ ಎಂದು ತೋರಿಸುವುದು ಕಷ್ಟವಲ್ಲ, ನೋಂದಾಯಿತ ಕರಾರಿನಲ್ಲೇ ತಾರೀಕು ಇರುತ್ತದೆ. ಕಷ್ಟ ಶುರುವಾಗುವುದು ಪರಿಹಾರ ಕೇಳುವಾಗ. ಬಡ್ಡಿ, ಬಾಡಿಗೆ, ಬ್ಯಾಂಕ್ ಸಾಲದ ಬಡ್ಡಿ, ಮಾನಸಿಕ ಯಾತನೆ ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ 40 ಲಕ್ಷ ಕೇಳಿದವರಿಗೆ ಕೊನೆಗೆ ಏಳೆಂಟು ಲಕ್ಷ ಸಿಕ್ಕಿದರೆ ಗೆದ್ದರೂ ಸೋತಂತೆ ಅನಿಸುತ್ತದೆ. ಹಾಗಾಗಿ ಯಾವ ಪರಿಹಾರ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇವೆ.

ಲೆಕ್ಕ ಕೈಗೆ ಸಿಗಲೆಂದು ಒಂದು ಉದಾಹರಣೆಯನ್ನು ಉದ್ದಕ್ಕೂ ಹಿಡಿದುಕೊಳ್ಳೋಣ. ಧಾರವಾಡ ಕಡೆಯ ಗಂಡ ಹೆಂಡತಿ, ಕೆಲಸ ಹಿಂಜವಡಿಯಲ್ಲಿ, ಬಾಡಿಗೆ ಮನೆ ವಾಕಡ್‌ನಲ್ಲಿ. ಇಬ್ಬರ ಹೆಸರಲ್ಲೂ ಒಂದು ಫ್ಲ್ಯಾಟ್ ಕೊಂಡಿದ್ದಾರೆ. ಬೆಲೆ 58 ಲಕ್ಷ. ಕರಾರು ನೋಂದಣಿಯಾದದ್ದು 2021ರ ಜೂನ್ 15ರಂದು. ಸ್ವಾಧೀನ ಕೊಡಬೇಕಾದ ದಿನ 2023ರ ಜೂನ್ 30. ಆ ದಿನದೊಳಗೆ ಒಟ್ಟು 48 ಲಕ್ಷ ಕಟ್ಟಿದ್ದಾರೆ. 2025ರ ಜುಲೈ ಬಂದರೂ ಕಟ್ಟಡಕ್ಕೆ ಓಸಿ, ಅಂದರೆ ವಾಸಕ್ಕೆ ಅನುಮತಿಸುವ ಪ್ರಮಾಣಪತ್ರ ಇಲ್ಲ, ಕೀಲಿಕೈಯೂ ಇಲ್ಲ.

ಮೊದಲು ತಾರೀಕು

ತಡವನ್ನು ಎಣಿಸುವುದು ನೋಂದಾಯಿತ ಕರಾರಿನಲ್ಲಿರುವ ಸ್ವಾಧೀನದ ದಿನದಿಂದ. ರೇರಾ ಕಾಯ್ದೆಯಡಿ ರಚನೆಯಾದ ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಮಹಾರೇರಾದ ಜಾಲತಾಣದಲ್ಲಿ ಬಿಲ್ಡರ್ ಆಮೇಲೆ ಹಾಕಿಸಿಕೊಂಡ ಹೊಸ ಮುಕ್ತಾಯ ದಿನಾಂಕದಿಂದ ಅಲ್ಲ. ಬಿಲ್ಡರ್ ಕಡೆಯವರು ಆ ಹೊಸ ತಾರೀಕನ್ನೇ ತೋರಿಸಿ "ನಮಗೆ 2026ರವರೆಗೆ ಅವಕಾಶವಿದೆ" ಅನ್ನುತ್ತಾರೆ. ರೇರಾ ನೋಂದಣಿಯ ಅವಧಿ ಮುಂದೆ ಹೋದರೂ ಕೊಂಡವರ ಹಕ್ಕು ಕರಾರಿನ ತಾರೀಕಿನಿಂದಲೇ ಎಂದು ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ (2020) ಸುಪ್ರೀಂ ಕೋರ್ಟ್ ಹೇಳಿದೆ. ರೇರಾ ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬ ಮಾತೂ ಇದೇ ತೀರ್ಪಿನದು.

ಕರಾರಿನಲ್ಲಿ ಆರು ತಿಂಗಳ ಹೆಚ್ಚುವರಿ ಅವಧಿ ಇದೆಯೇ ನೋಡಿ. ಇದ್ದರೆ ಅದಕ್ಕೆ ಷರತ್ತೇನು ಎಂದೂ ಓದಿ. ಸಾಮಾನ್ಯವಾಗಿ ಯುದ್ಧ, ಪ್ರಕೃತಿ ವಿಕೋಪ, ಸರ್ಕಾರದ ಆದೇಶದಂಥ ಕಾರಣಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ಕೂಲಿಯವರು ಸಿಗಲಿಲ್ಲ, ಸಿಮೆಂಟ್ ದರ ಏರಿತು ಎಂಬುದು ಆ ಸಾಲಿಗೆ ಸೇರುವುದಿಲ್ಲ. ಕೋವಿಡ್ ನೆಪವನ್ನೂ ತಾರೀಕು ಹಿಡಿದೇ ಅಳೆಯಬೇಕು. ನಮ್ಮ ದಂಪತಿಯ ಕರಾರಿಗೆ ಸಹಿ ಬಿದ್ದದ್ದೇ 2021ರ ಜೂನ್‌ನಲ್ಲಿ. ಸಾಂಕ್ರಾಮಿಕ ಕಣ್ಣೆದುರು ಇದ್ದಾಗಲೇ ಬಿಲ್ಡರ್ ಆ ತಾರೀಕನ್ನು ಬರೆದುಕೊಟ್ಟಿದ್ದಾರೆ. ದೂರಿನಲ್ಲಿ ಈ ಮಾತನ್ನು ಒಂದೇ ವಾಕ್ಯದಲ್ಲಿ ಬರೆದರೆ ಸಾಕು.

ಓಸಿ ಇಲ್ಲದೆ ಕೊಟ್ಟ ಸ್ವಾಧೀನ ಕಾನೂನಿನ ಸ್ವಾಧೀನವಲ್ಲ. ಇಲ್ಲಿನ ಕಚೇರಿಗಳಲ್ಲಿ ಓಸಿಗೆ ಮರಾಠಿಯಲ್ಲಿ 'ಭೋಗವಟಾ ಪ್ರಮಾಣಪತ್ರ' ಅನ್ನುತ್ತಾರೆ. ಜಾಗ ಯಾರ ವ್ಯಾಪ್ತಿಯಲ್ಲಿದೆಯೋ ಅದರ ಮೇಲೆ ಪುಣೆ ಪಾಲಿಕೆ, ಪಿಂಪ್ರಿ ಚಿಂಚ್‌ವಡ್ ಪಾಲಿಕೆ ಅಥವಾ ಪಿಎಂಆರ್‌ಡಿಎ ಅದನ್ನು ಕೊಡುತ್ತದೆ. 'ಫಿಟ್‌ಔಟ್ ಪೊಸೆಶನ್' ಎಂಬ ಹೆಸರಿನಲ್ಲಿ ಬರುವ ಪತ್ರದ ಬಗ್ಗೆ ಎಚ್ಚರವಿರಲಿ. ಒಳಾಂಗಣದ ಕೆಲಸ ಮಾಡಿಸಿಕೊಳ್ಳಿ ಎಂದು ಕೀಲಿಕೈ ಕೊಟ್ಟು, ಆಮೇಲೆ ಅದೇ ದಿನವನ್ನು ಸ್ವಾಧೀನದ ದಿನ ಎಂದು ಆಯೋಗದ ಮುಂದೆ ತೋರಿಸುತ್ತಾರೆ. ಅದನ್ನು ಪಡೆಯಲೇಬೇಕಾದರೆ ಸಹಿಯ ಮೇಲೆ "ಓಸಿ ದೊರೆತಿಲ್ಲ, ವಿಳಂಬ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟಿಲ್ಲ" ಎಂದು ಕೈಯಲ್ಲೇ ಬರೆದು, ಆ ಪುಟದ ಫೋಟೊ ತೆಗೆದು, ಅದೇ ದಿನ ಬಿಲ್ಡರ್‌ಗೆ ಇಮೇಲ್ ಮಾಡಿ.

ದೂರಿನ ಕಾಲಮಿತಿ ಎರಡು ವರ್ಷ. ಸ್ವಾಧೀನವನ್ನೇ ಕೊಡದಿದ್ದಾಗ ತಪ್ಪು ದಿನದಿನವೂ ಮುಂದುವರಿಯುತ್ತದೆ ಎಂದು ನ್ಯಾಯಾಲಯಗಳು ಒಪ್ಪಿವೆ. ಓಸಿ ತಾರದ ಬಿಲ್ಡರ್ ವಿಷಯದಲ್ಲೂ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಮುಂಬೈಯ ಒಂದು ಹೌಸಿಂಗ್ ಸೊಸೈಟಿಯ ಪ್ರಕರಣದಲ್ಲಿ ಹೀಗೇ ಹೇಳಿತು. ಆದರೆ ಓಸಿ ಸಮೇತ ಸ್ವಾಧೀನದ ಪತ್ರ ಕೈಗೆ ಬಂದರೆ ಗಡಿಯಾರ ಓಡಲು ಶುರುವಾಯಿತೆಂದೇ ತಿಳಿಯಿರಿ. ಅಲ್ಲಿಂದ ಎರಡು ವರ್ಷ ಮೀರಿಸಬೇಡಿ.

ರೇರಾಗೋ, ಗ್ರಾಹಕ ಆಯೋಗಕ್ಕೋ

ಎರಡೂ ಕಡೆ ಒಂದೇ ಪರಿಹಾರಕ್ಕಾಗಿ ಹೋಗುವಂತಿಲ್ಲ. ಹಾಗಾದರೆ ಯಾವುದು? ನಿಮಗೆ ಬೇಕಿರುವುದು ತಡದ ಬಡ್ಡಿ ಮಾತ್ರ, ಬೇರೆ ತಕರಾರಿಲ್ಲ ಎಂದಾದರೆ ಮಹಾರೇರಾ ಕಡೆಗೇ ನಮ್ಮ ಒಲವು. ಮಹಾರಾಷ್ಟ್ರದ ನಿಯಮದ ಪ್ರಕಾರ ಅಲ್ಲಿನ ದರ ಸ್ಟೇಟ್ ಬ್ಯಾಂಕಿನ ಅತಿ ಹೆಚ್ಚಿನ ಎಂಸಿಎಲ್‌ಆರ್‌ಗೆ ಅಂದರೆ ಸಾಲದ ಮೂಲ ಬಡ್ಡಿದರಕ್ಕೆ ಶೇ 2 ಕೂಡಿಸಿದಷ್ಟು. ಗ್ರಾಹಕ ಆಯೋಗಗಳು ಸಾಮಾನ್ಯವಾಗಿ ಕೊಡುವ ಶೇ 6ರಿಂದ 9ಕ್ಕಿಂತ ಅದು ಹೆಚ್ಚು. ಆದರೆ ಕಳಪೆ ಕೆಲಸ, ಕೊಡದೇ ಬಿಟ್ಟ ಸೌಲಭ್ಯ, ಮಾನಸಿಕ ಯಾತನೆ, ದೂರಿನ ಖರ್ಚು ಎಲ್ಲವೂ ಒಂದೇ ದೂರಿನಲ್ಲಿ ಬರಬೇಕೆಂದರೆ ಗ್ರಾಹಕ ಆಯೋಗ ಮೇಲು. ವಸೂಲಿಯಲ್ಲೂ ವ್ಯತ್ಯಾಸವಿದೆ. ರೇರಾ ಆದೇಶ ಪಾಲನೆಯಾಗದಿದ್ದರೆ ವಸೂಲಿ ವಾರಂಟ್ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಅಲ್ಲಿ ಸರದಿ ಕಾಯುತ್ತದೆ. ಗ್ರಾಹಕ ಆಯೋಗದ ಆದೇಶ ಮೀರಿದವರಿಗೆ ಜೈಲು ಶಿಕ್ಷೆಯ ಅವಕಾಶವೇ ಇದೆ.

ಕರಾರಿನ ಬಡ್ಡಿ ಕಲಮನ್ನು ಈ ಹಂತದಲ್ಲೇ ಓದಿಬಿಡಿ. ರೇರಾ ನಂತರದ ಮಹಾರಾಷ್ಟ್ರದ ಮಾದರಿ ಕರಾರಿನಲ್ಲಿ ನೀವು ಕಂತು ತಡಮಾಡಿದರೂ ಬಿಲ್ಡರ್ ಸ್ವಾಧೀನ ತಡಮಾಡಿದರೂ ಒಂದೇ ದರ. ಆ ಕಲಮು ನಿಮ್ಮ ಕರಾರಿನಲ್ಲಿದ್ದರೆ ಗ್ರಾಹಕ ಆಯೋಗದಲ್ಲೂ ಮೊದಲು ಆ ದರವನ್ನೇ ಕೇಳಿ. ಬಿಲ್ಡರ್ ಸ್ವತಃ ಒಪ್ಪಿ ಸಹಿ ಮಾಡಿದ ದರ ಅದು.

ಯಾವ ಆಯೋಗ, ಎಲ್ಲಿ

ಇಲ್ಲಿ ಲೆಕ್ಕಕ್ಕೆ ಬರುವುದು ಫ್ಲ್ಯಾಟಿನ ಬೆಲೆಯೂ ಅಲ್ಲ, ನೀವು ಕೇಳುವ ಪರಿಹಾರವೂ ಅಲ್ಲ, ನೀವು ಕಟ್ಟಿರುವ ಹಣ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. ಕಟ್ಟಿದ ಹಣವನ್ನೇ ಅಳತೆಗೋಲು ಮಾಡಿದ್ದು ಸರಿ ಎಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮ್ಮ ದಂಪತಿ ಕಟ್ಟಿರುವುದು 48 ಲಕ್ಷ, ಆದ್ದರಿಂದ ಜಿಲ್ಲಾ ಆಯೋಗ, ಶುಲ್ಕ 1,000 ರೂಪಾಯಿ. ದೂರು ಹಾಕುವ ಮೊದಲು ಇನ್ನೊಂದು 2,90,000ದ ಕಂತು ಕಟ್ಟಿದ್ದರೆ ಮೊತ್ತ 50 ಲಕ್ಷ ದಾಟಿ ದೂರು ರಾಜ್ಯ ಆಯೋಗಕ್ಕೆ ಹೋಗುತ್ತಿತ್ತು, ಶುಲ್ಕ 2,000 ಆಗುತ್ತಿತ್ತು. ಹಾಗೆಂದು ಕಂತು ತಪ್ಪಿಸಬೇಡಿ. ಕೆಲಸದ ಆ ಹಂತ ನಿಜವಾಗಿಯೂ ಮುಗಿದು ಬೇಡಿಕೆ ಪತ್ರ ಬಂದಿದ್ದರೆ ಕಟ್ಟಿಬಿಡಿ. ಇಲ್ಲವಾದರೆ ತಡಕ್ಕೆ ನೀವೇ ಕಾರಣ ಎಂಬ ವಾದಕ್ಕೆ ಬಿಲ್ಡರ್ ಕೈಗೆ ಆಯುಧ ಕೊಟ್ಟಂತೆ.

ಕನ್ನಡಿಗರು ಗಮನಿಸಬೇಕಾದ ಒಂದು ಸಂಗತಿ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರುದಾರರು ವಾಸವಿರುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೂ ದೂರು ಹಾಕಬಹುದು. ಪುಣೆಯ ಕೆಲಸ ಬಿಟ್ಟು ಬೆಂಗಳೂರಿಗೋ ಧಾರವಾಡಕ್ಕೋ ಮರಳಿದವರು ಪುಣೆಯ ಫ್ಲ್ಯಾಟಿನ ದೂರನ್ನು ಅಲ್ಲೇ ಹಾಕಬಹುದು. ಇಬ್ಬರೂ ಪುಣೆಯಲ್ಲೇ ಇದ್ದರೆ ಪುಣೆಯಲ್ಲಿ ಹಾಕುವುದೇ ಸರಿ. ಬಿಲ್ಡರ್‌ನ ಆಸ್ತಿ, ಬ್ಯಾಂಕ್ ಖಾತೆ, ಕಚೇರಿ ಎಲ್ಲ ಅಲ್ಲೇ ಇರುವುದರಿಂದ ಮುಂದೆ ವಸೂಲಿ ಸುಲಭ. ದೂರನ್ನು ಅಲ್ಲಿ ಇಂಗ್ಲಿಷ್ ಅಥವಾ ಮರಾಠಿಯಲ್ಲಿ ಬರೆಸಿ. ಕನ್ನಡದ ಕಾಗದ ಯಾವುದಾದರೂ ಲಗತ್ತಿಸುವುದಿದ್ದರೆ ಜೊತೆಗೆ ಅನುವಾದವೂ ಇರಲಿ.

ಏನು ಕೇಳಬಹುದು

ಮೊದಲು ಒಂದು ಮೂಲ ಪ್ರಶ್ನೆಗೆ ಉತ್ತರ ಬೇಕು: ಫ್ಲ್ಯಾಟ್ ಬೇಕೋ, ಹಣ ವಾಪಸ್ ಬೇಕೋ? ಈ ಎರಡು ದಾರಿಗಳ ಲೆಕ್ಕವೇ ಬೇರೆ.

ಫ್ಲ್ಯಾಟ್ ಬೇಕೆಂದರೆ, ಕಟ್ಟಿದ ಹಣದ ಮೇಲೆ ಕರಾರಿನ ಸ್ವಾಧೀನ ದಿನದ ಮರುದಿನದಿಂದ, ಓಸಿ ಸಮೇತ ಕೀಲಿಕೈ ಕೊಡುವ ದಿನದವರೆಗೆ ಬಡ್ಡಿ ಕೇಳಬೇಕು. 48 ಲಕ್ಷಕ್ಕೆ ಶೇ 9ರಂತೆ ವರ್ಷಕ್ಕೆ 4,32,000, ಅಂದರೆ ತಿಂಗಳಿಗೆ 36,000. 2023ರ ಜುಲೈ 1ರಿಂದ 2025ರ ಜೂನ್ 30ರವರೆಗೆ 24 ತಿಂಗಳಿಗೆ 8,64,000. ಆಯೋಗ ಶೇ 6 ಮಾತ್ರ ಕೊಟ್ಟರೆ 5,76,000. ಬಿಲ್ಡರ್‌ಗೆ ಆರು ತಿಂಗಳ ಹೆಚ್ಚುವರಿ ಅವಧಿ ಸಿಕ್ಕಿ ದರ ಶೇ 9 ಇದ್ದರೆ 6,48,000. ಈ ಮೂರು ಅಂಕಿಗಳನ್ನೂ ದೂರು ಹಾಕುವ ಮೊದಲೇ ಬರೆದಿಟ್ಟುಕೊಳ್ಳಿ, ರಾಜಿಗೆ ಕರೆದಾಗ ಎಲ್ಲಿಯವರೆಗೆ ಇಳಿಯಬಹುದು ಎಂಬುದು ಇದರಿಂದ ತಿಳಿಯುತ್ತದೆ. ಬೆಂಗಳೂರಿನ ಬೇಗೂರಿನ ಒಂದು ಯೋಜನೆಯ ಪ್ರಕರಣದಲ್ಲಿ (ಡಿಎಲ್‌ಎಫ್ ಸದರ್ನ್ ಹೋಮ್ಸ್, 2020) ಸುಪ್ರೀಂ ಕೋರ್ಟ್ ಶೇ 6ರ ಬಡ್ಡಿಯನ್ನು ಕೊಟ್ಟಿತು, ಅದೂ ಕರಾರಿನಲ್ಲೇ ಇದ್ದ, ತಿಂಗಳಿಗೆ ಚದರ ಅಡಿಗೆ 5 ರೂಪಾಯಿಯ ವಿಳಂಬ ಪರಿಹಾರದ ಜೊತೆಗೆ. ಕೀಲಿಕೈ ಪಡೆದು ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ವಿಳಂಬ ಪರಿಹಾರದ ಹಕ್ಕು ಹೋಗುವುದಿಲ್ಲ ಎಂದೂ ಅದೇ ತೀರ್ಪು ಹೇಳಿದೆ.

ಈ ಚದರ ಅಡಿಗೆ 5 ರೂಪಾಯಿಯ ಕಲಮು ರೇರಾಗಿಂತ ಹಿಂದಿನ ಕರಾರುಗಳಲ್ಲಿ ಸಾಮಾನ್ಯ. 700 ಚದರ ಅಡಿಯ ಫ್ಲ್ಯಾಟಿಗೆ ತಿಂಗಳಿಗೆ 3,500 ರೂಪಾಯಿ. ಮೇಲೆ ನೋಡಿದ 36,000ದ ಪಕ್ಕ ಇಟ್ಟು ನೋಡಿದರೆ ಆ ಕಲಮು ಯಾರ ಹಿತಕ್ಕಾಗಿ ಬರೆದದ್ದು ಎಂದು ತಿಳಿಯುತ್ತದೆ. ಇಂಥ ಏಕಪಕ್ಷೀಯ ಕಲಮುಗಳಿಗೆ ಕೊಂಡವರನ್ನು ಕಟ್ಟಿಹಾಕುವಂತಿಲ್ಲ, ಅದು ಅನುಚಿತ ವ್ಯಾಪಾರ ಪದ್ಧತಿ ಎಂದು ಪಯೊನಿಯರ್ ಅರ್ಬನ್ ಪ್ರಕರಣದ ತೀರ್ಪು (2019) ಹೇಳುತ್ತದೆ. ಒಂದು ಸೂಕ್ಷ್ಮವಿದೆ. ಕರಾರಿನ ಕಲಮನ್ನೇ 'ಶೂನ್ಯ' ಎಂದು ಘೋಷಿಸುವ ಅಧಿಕಾರವನ್ನು 2019ರ ಕಾಯ್ದೆ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಮಾತ್ರ ಕೊಟ್ಟಿದೆ. ಜಿಲ್ಲಾ ಆಯೋಗದಲ್ಲಿ "ಕಲಮು ರದ್ದು ಮಾಡಿ" ಎಂದು ಕೋರಿಕೆ ಬರೆದರೆ ವ್ಯಾಪ್ತಿಯ ತಕರಾರು ಎದುರಾಗಿ ತಿಂಗಳುಗಳು ಹೋಗುತ್ತವೆ. ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಎಂದೇ ಬರೆಯಿರಿ.

ಹಣ ವಾಪಸ್ ಬೇಕೆಂದರೆ ಬಡ್ಡಿ ಸ್ವಾಧೀನದ ದಿನದಿಂದಲ್ಲ, ಪ್ರತಿ ಕಂತು ಕಟ್ಟಿದ ದಿನದಿಂದ. ಎಕ್ಸ್‌ಪೀರಿಯನ್ ಡೆವಲಪರ್ಸ್ ಪ್ರಕರಣದಲ್ಲಿ (2022) ಸುಪ್ರೀಂ ಕೋರ್ಟ್ ಹಣ ಕಟ್ಟಿದ ದಿನದಿಂದಲೇ ಶೇ 9ರಂತೆ ಕೊಡಿಸಿದೆ. ಆದರೆ ದೂರು ನಡೆಯುತ್ತಿರುವಾಗಲೇ ಓಸಿ ಬಂದು ಬಿಲ್ಡರ್ ಕೀಲಿಕೈ ಕೊಡಲು ಮುಂದಾದರೆ ಹಣ ವಾಪಸಿನ ಕೋರಿಕೆ ದುರ್ಬಲವಾಗುತ್ತದೆ. ಓಸಿ ಬಂದ ಫ್ಲ್ಯಾಟುಗಳನ್ನು ಕೊಂಡವರು ತೆಗೆದುಕೊಳ್ಳಬೇಕು, ತಡಕ್ಕೆ ಪರಿಹಾರ ಪಡೆಯಬೇಕು ಎಂದು 2021ರ ಐರಿಯೊ ಗ್ರೇಸ್ ಪ್ರಕರಣದಲ್ಲಿ ಆದೇಶವಾಗಿದೆ. ಆದ್ದರಿಂದ ಮುಖ್ಯ ಕೋರಿಕೆ ಒಂದು, ಅದು ಆಗದಿದ್ದರೆ ಪರ್ಯಾಯ ಕೋರಿಕೆ ಇನ್ನೊಂದು ಎಂದು ಎರಡನ್ನೂ ಬರೆಯಿರಿ.

ಹಣ ವಾಪಸ್ ಪಡೆಯುವವರು ಮುದ್ರಾಂಕ ಶುಲ್ಕವನ್ನೂ ಮರೆಯಬಾರದು. ಸ್ವಾಧೀನ ಪಡೆಯುವ ಮೊದಲು, ಕರಾರು ಬರೆದ ಐದು ವರ್ಷದೊಳಗೆ ನೋಂದಾಯಿತ ರದ್ದತಿ ಪತ್ರ ಮಾಡಿಸಿ, ಅದಾದ ಆರು ತಿಂಗಳೊಳಗೆ ಅರ್ಜಿ ಹಾಕಿದರೆ ಮಹಾರಾಷ್ಟ್ರ ಮುದ್ರಾಂಕ ಕಾಯ್ದೆಯ 48ನೇ ಕಲಮಿನಲ್ಲಿ ಅದನ್ನು ಮರಳಿ ಕೇಳಬಹುದು. ನಮ್ಮ ದಂಪತಿಗೆ ಆ ಐದು ವರ್ಷ 2026ರ ಜೂನ್‌ನಲ್ಲಿ ತುಂಬುತ್ತದೆ. ಆಯೋಗದ ತೀರ್ಪು ಅದಕ್ಕಿಂತ ಮೊದಲು ಬರುವ ಭರವಸೆಯಿಲ್ಲದ ಕಾರಣ ಈ ಮೊತ್ತವನ್ನು ಬಿಲ್ಡರ್‌ನಿಂದಲೇ ಕೊಡಿಸಬೇಕೆಂದು ಕೋರಿಕೆಯಲ್ಲಿ ಸೇರಿಸುವುದು ಕ್ಷೇಮ.

ಯಾವುದನ್ನು ಪೇರಿಸಬಾರದು

ವಾಕಡ್‌ನ ಮನೆಗೆ ತಿಂಗಳಿಗೆ 22,000 ಬಾಡಿಗೆ, 24 ತಿಂಗಳಿಗೆ 5,28,000. ಬಡ್ಡಿಯ 8,64,000ದ ಮೇಲೆ ಇದನ್ನೂ ಕೂಡಿಸಬೇಕು ಅನಿಸುವುದು ಸಹಜ, ಕೈಯಿಂದ ಹೋದ ದುಡ್ಡು ತಾನೆ. ಆದರೆ ಫ್ಲ್ಯಾಟ್ ಸಿಗದ ನಷ್ಟಕ್ಕೇ ಬಡ್ಡಿ ಕೊಡುವುದು, ಬಾಡಿಗೆಯೂ ಅದೇ ನಷ್ಟದ ಇನ್ನೊಂದು ಮುಖ. ಒಂದೇ ತಪ್ಪಿಗೆ ಹಲವು ತಲೆಬರಹಗಳಲ್ಲಿ ಪರಿಹಾರ ಸಲ್ಲದು ಎಂದು ಡಿಎಲ್‌ಎಫ್ ಪಂಚಕುಲಾ ಪ್ರಕರಣದಲ್ಲಿ (2019) ಸುಪ್ರೀಂ ಕೋರ್ಟ್ ಹೇಳಿದೆ. ಬ್ಯಾಂಕ್ ಸಾಲದ ಬಡ್ಡಿಯೂ ಹೀಗೇ. ಹಣದ ಮೇಲೆ ಬಡ್ಡಿ ಕೊಡಿಸಿದ ಮೇಲೆ, ಕೊಂಡವರು ಬ್ಯಾಂಕಿಗೆ ಕಟ್ಟಿದ ಬಡ್ಡಿಯನ್ನು ಬಿಲ್ಡರ್ ಪ್ರತ್ಯೇಕವಾಗಿ ತುಂಬಬೇಕಿಲ್ಲ ಎಂದು 2025ರಲ್ಲಿ ಮೊಹಾಲಿ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪಾಗಿದೆ.

ಹಾಗಾದರೆ ಬಾಡಿಗೆ ಕರಾರು, ಸಾಲದ ಪಟ್ಟಿ ಲಗತ್ತಿಸುವುದೇ ಬೇಡವೇ? ಬೇಕು. ಶೇ 6 ಸಾಲದು, ಶೇ 9 ಕೊಡಿ ಎಂದು ಒಪ್ಪಿಸಲು ಅವೇ ಸಾಕ್ಷಿ. ಪ್ರತ್ಯೇಕ ಕೋರಿಕೆಯಾಗಿ ಅಲ್ಲ, ದರಕ್ಕೆ ಆಧಾರವಾಗಿ ಇಡಿ.

ಬಡ್ಡಿಯ ಹೊರತಾಗಿ ನಿಲ್ಲುವುದು ಮಾನಸಿಕ ಯಾತನೆಗೆ ಒಂದು ಮೊತ್ತ, ದೂರಿನ ಖರ್ಚಿಗೆ ಒಂದು ಮೊತ್ತ. ನಮ್ಮ ದಂಪತಿ 2,00,000 ಮತ್ತು 50,000 ಕೇಳಬಹುದು, ಅದಕ್ಕಿಂತ ಕಡಿಮೆ ಸಿಗುವ ಸಾಧ್ಯತೆಗೂ ಸಿದ್ಧರಿರಬೇಕು. ವಯಸ್ಸಾದ ತಂದೆ ತಾಯಿಯನ್ನು ಕರೆತರಲು ಮನೆ ಕೊಂಡಿದ್ದರೆ, ಮಗುವಿನ ಶಾಲೆ ಎರಡು ಸಲ ಬದಲಾಗಿದ್ದರೆ ಅದನ್ನು ದಾಖಲೆ ಸಮೇತ ಬರೆಯಿರಿ. ಬರೀ "ತೀವ್ರ ಯಾತನೆಯಾಗಿದೆ" ಎಂಬ ಸಾಲಿಗೆ ತೂಕವಿಲ್ಲ.

ಕಾಗದಗಳು ಮತ್ತು ದೂರು

ನೋಂದಾಯಿತ ಕರಾರು, ನೋಂದಣಿಯ ಸಾರಾಂಶವಾದ ಇಂಡೆಕ್ಸ್ 2, ಎಲ್ಲ ಬೇಡಿಕೆ ಪತ್ರ ಮತ್ತು ರಸೀತಿ, ಬ್ಯಾಂಕ್ ಪಾಸ್‌ಬುಕ್, ಸಾಲ ಮಂಜೂರಾತಿ ಪತ್ರ, ಬಿಲ್ಡರ್ ಜೊತೆಗಿನ ಇಮೇಲ್‌ಗಳು, maharera.maharashtra.gov.in ತಾಣದಿಂದ ಇಳಿಸಿಕೊಂಡ ಯೋಜನೆಯ ಪುಟ. ಇವುಗಳ ಪೈಕಿ ಹೆಚ್ಚು ಎಡವುವುದು ಹಣದ ಪಟ್ಟಿಯಲ್ಲಿ. 50 ಲಕ್ಷ ಅಥವಾ ಅದಕ್ಕೂ ಮೇಲಿನ ಆಸ್ತಿಗೆ ಪ್ರತಿ ಕಂತಿನಲ್ಲೂ ಶೇ 1 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಿರುತ್ತೀರಿ. ನಮ್ಮ ದಂಪತಿಯ ಲೆಕ್ಕದಲ್ಲಿ ಬಿಲ್ಡರ್ ಖಾತೆಗೆ ಹೋದದ್ದು 47,52,000, ಟಿಡಿಎಸ್ 48,000, ಎರಡೂ ಸೇರಿ 48,00,000. ಪಾಸ್‌ಬುಕ್ ಮಾತ್ರ ನೋಡಿ ಪಟ್ಟಿ ಮಾಡಿದರೆ 48,000 ಬಿಟ್ಟುಹೋಗುತ್ತದೆ, ಬಿಲ್ಡರ್‌ನ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಪಟ್ಟಿಯಲ್ಲಿ ತಾರೀಕು, ಮೊತ್ತ, ಟಿಡಿಎಸ್, ರಸೀತಿ ಸಂಖ್ಯೆ, ಲಗತ್ತಿನ ಪುಟ ಸಂಖ್ಯೆ ಎಂದು ಐದು ಕಾಲಂ ಇರಲಿ. ಜಿಎಸ್‌ಟಿಯನ್ನು ಬೇರೆ ಪಟ್ಟಿಯಲ್ಲಿ ತೋರಿಸಿ.

ಮೊದಲು ಬಿಲ್ಡರ್‌ಗೆ ನೋಟಿಸ್ ಕಳಿಸಿ. ಕಾನೂನು ಅದನ್ನು ಕಡ್ಡಾಯ ಮಾಡಿಲ್ಲ, ಆದರೆ ಉತ್ತರ ಬಂದರೆ ಬಿಲ್ಡರ್‌ನ ವಾದ ಮೊದಲೇ ತಿಳಿಯುತ್ತದೆ, ಬಾರದಿದ್ದರೆ ಆ ಮೌನವೂ ನಿಮ್ಮ ಪರ. 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡರಲ್ಲೂ ಕಳಿಸಿ, ತಲುಪಿದ ವಿವರವನ್ನು ಮುದ್ರಿಸಿಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೂ ಮಾತಾಡಬಹುದು, ಆದರೆ ಅಲ್ಲಿ ನೀಡಿದ ದೂರು ಆಯೋಗದ ದೂರಿಗೆ ಸಮವಲ್ಲ.

ದೂರನ್ನು ಈಗ e-jagriti.gov.in ಮೂಲಕ ಹಾಕಬೇಕು. ಮೊಬೈಲ್ ಮತ್ತು ಇಮೇಲ್‌ನಿಂದ ಖಾತೆ ತೆರೆದು, ಆಯೋಗ ಆರಿಸಿ, ಕಟ್ಟಿದ ಮೊತ್ತ ತುಂಬಿ, ತಾರೀಕುಗಳ ಪಟ್ಟಿ, ದೂರು, ನೋಟರಿ ಮಾಡಿಸಿದ ಪ್ರಮಾಣಪತ್ರ, ಲಗತ್ತುಗಳನ್ನು ಪಿಡಿಎಫ್ ಆಗಿ ಏರಿಸಿ ಶುಲ್ಕ ಕಟ್ಟಿ. ಕರಾರಿನಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರೂ ದೂರುದಾರರಾಗಬೇಕು, ಇಬ್ಬರ ಪ್ರಮಾಣಪತ್ರವೂ ಬೇಕು. ಪರಿಶೀಲನೆಯಲ್ಲಿ ದೂರು ತಿರುಗಿ ಬರುವುದು ಹೆಚ್ಚಾಗಿ ಈ ಒಂದು ಕಾರಣಕ್ಕೆ, ಇಲ್ಲವೇ ಪುಟ ಸಂಖ್ಯೆ ಇಲ್ಲದ, ಓದಲಾಗದ ಲಗತ್ತಿಗೆ. ಎದುರಾಳಿಯಾಗಿ ಕಂಪನಿಯನ್ನು ಹೆಸರಿಸಿ. ಪಾಲುದಾರಿಕೆ ಸಂಸ್ಥೆಯಾದರೆ ಪಾಲುದಾರರನ್ನೂ ಹೆಸರಿಸಿ. ಹಣ ವಾಪಸ್ ಕೇಳುತ್ತಿದ್ದು ಸಾಲ ಬಾಕಿಯಿದ್ದರೆ ಬ್ಯಾಂಕನ್ನೂ ಔಪಚಾರಿಕ ಪಕ್ಷವಾಗಿ ಸೇರಿಸಿ, ಬರುವ ಹಣದಲ್ಲಿ ಮೊದಲ ಪಾಲು ಅದರದ್ದೇ.

ಇದಕ್ಕೆಲ್ಲ ಮೊದಲು ibbi.gov.in ತಾಣದಲ್ಲಿ ಬಿಲ್ಡರ್ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಗಿದೆಯೇ ನೋಡಿ. ಆಗಿದ್ದರೆ ಕಂಪನಿ ವಿರುದ್ಧದ ದೂರುಗಳಿಗೆ ತಡೆ ಬೀಳುತ್ತದೆ. ಆಗ ಮಾಡಬೇಕಾದ ಕೆಲಸ ಬೇರೆ: ಫಾರ್ಮ್ ಸಿಎ ತುಂಬಿ ಗಡುವಿನೊಳಗೆ ದಿವಾಳಿ ಪ್ರಕ್ರಿಯೆ ನಡೆಸುವ ರೆಸಲ್ಯೂಷನ್ ಪ್ರೊಫೆಷನಲ್‌ಗೆ ನಿಮ್ಮ ಹಕ್ಕು ಸಲ್ಲಿಸುವುದು.

ದೂರು ದಾಖಲಾದ ಮೇಲೆ

ನೋಟಿಸ್ ತಲುಪಿದ ಮೇಲೆ ಬಿಲ್ಡರ್‌ಗೆ ಉತ್ತರ ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ. 45 ದಿನದ ಮೇಲೆ ಆಯೋಗಕ್ಕೂ ಅವಕಾಶ ಕೊಡುವ ಅಧಿಕಾರವಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ನೋಟಿಸ್ ತಲುಪಿದ ದಿನವನ್ನು ನೀವೇ ಬರೆದಿಟ್ಟುಕೊಂಡು, 46ನೇ ದಿನ ಉತ್ತರ ಬಂದಿಲ್ಲದಿದ್ದರೆ ಉತ್ತರದ ಹಕ್ಕು ಮುಚ್ಚಲು ಅರ್ಜಿ ಹಾಕಿ.

ಬಿಲ್ಡರ್‌ನ ಉತ್ತರದಲ್ಲಿ ಬಹುತೇಕ ಬರುವ ಒಂದು ಸಾಲು, "ಇವರು ಹೂಡಿಕೆದಾರರು, ಗ್ರಾಹಕರಲ್ಲ". ಅದನ್ನು ಸಾಬೀತು ಮಾಡುವ ಹೊಣೆ ಬಿಲ್ಡರ್‌ನದು. ಪುಣೆಯಲ್ಲಿ ಬೇರೆ ಮನೆಯಿಲ್ಲ, ಬಾಡಿಗೆಗಿದ್ದೇವೆ, ವಾಸಕ್ಕೇ ಕೊಂಡದ್ದು ಎಂದು ಪ್ರಮಾಣಪತ್ರದಲ್ಲಿ ಒಂದು ಪ್ಯಾರಾ ಬರೆದು ಬಾಡಿಗೆ ಕರಾರು ತೋರಿಸಿದರೆ ಈ ವಾದ ನಿಲ್ಲುವುದಿಲ್ಲ. ಊರಲ್ಲಿ ತಂದೆಯ ಹೆಸರಲ್ಲಿ ಮನೆಯಿದೆ ಎಂಬುದು ಇದಕ್ಕೆ ಅಡ್ಡಿಯಾಗದು.

ಆದೇಶದಲ್ಲಿ ಹಣ ಕೊಡುವ ಗಡುವು, ಗಡುವು ಮೀರಿದರೆ ಹೆಚ್ಚುವರಿ ಬಡ್ಡಿ ಎರಡೂ ಇರುವಂತೆ ಕೋರಿಕೆಯಲ್ಲೇ ಕೇಳಿರಬೇಕು. ಬಿಲ್ಡರ್ ಮೇಲ್ಮನವಿ ಹಾಕಬೇಕೆಂದರೆ 45 ದಿನದೊಳಗೆ, ಆದೇಶವಾದ ಮೊತ್ತದ ಅರ್ಧ ಠೇವಣಿ ಇಟ್ಟು ಹಾಕಬೇಕು. ಹಣವೂ ಇಲ್ಲ, ತಡೆಯಾಜ್ಞೆಯೂ ಇಲ್ಲ ಎಂದಾದರೆ ಎರಡು ಅರ್ಜಿಗಳನ್ನು ಒಟ್ಟಿಗೇ ಹಾಕಿ: 2019ರ ಕಾಯ್ದೆಯ 71ನೇ ಕಲಮಿನಲ್ಲಿ ಆಸ್ತಿ ಜಪ್ತಿಗೆ, 72ನೇ ಕಲಮಿನಲ್ಲಿ ಶಿಕ್ಷೆಗೆ. ಎರಡನೆಯದರಲ್ಲಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಅರ್ಜಿಯ ಜೊತೆ ಆ ದಿನದವರೆಗಿನ ಬಡ್ಡಿಯ ಹೊಸ ಲೆಕ್ಕ ಲಗತ್ತಿಸಿ. ಓಸಿ ಇನ್ನೂ ಬಂದಿಲ್ಲದಿದ್ದರೆ ತಿಂಗಳಿಗೆ 36,000ದಂತೆ ಆ ಪಟ್ಟಿ ಬೆಳೆಯುತ್ತಲೇ ಇರುತ್ತದೆ.